ನಾಳೆ ನಾವು ಬೀಗ ಹಾಕಿದರೂ ಈ ಅಂಕ ಹಾಗೇ ಇರುತ್ತದಾ?

ಕಳೆದ ತಿಂಗಳು ಮತ್ತೊಬ್ಬರು ಸಲಹೆ ಕೇಳಿ ಬಂದಿದ್ದರು. ಲ್ಯಾಪ್‌ಟಾಪ್ ತೆರೆದು, ಯಾವ ವ್ಯವಹಾರಕ್ಕೆ ದುಡ್ಡು ಹಾಕಬೇಕು, ಯಾವುದರಿಂದ ತೆಗೆಯಬೇಕು ಅಂತ ಹೇಳುವ ಒಂಬತ್ತು ಮನೆಯ ಚೌಕ ತೋರಿಸಿದರು. ಐದು ವ್ಯವಹಾರ, ಐದು ಚುಕ್ಕಿ. ಐದೂ ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಗಿನ ಮೂಲೆಗೆ ಮಣಿ ಪೋಣಿಸಿದ ಹಾಗೆ ಒಂದೇ ಓರೆಗೆರೆಯಲ್ಲಿ ಕೂತಿದ್ದವು. “ಎಷ್ಟು ಕ್ಲೀನಾಗಿ ಬಂದಿದೆ ನೋಡಿ ಸರ್” ಅಂದರು. ನನಗೆ ಅಲ್ಲೇ ಗೊತ್ತಾಯಿತು, ಇದನ್ನು ಮೊದಲಿಂದ ಮಾಡಬೇಕು ಅಂತ.

ಚೌಕ ಹೇಗೆ ಬರೆಯುವುದು ಅಂತ ಇಲ್ಲಿ ಹೇಳುವುದಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ಮೇಲಿಂದ ಕೆಳಕ್ಕೆ ಮಾರುಕಟ್ಟೆಯ ಆಕರ್ಷಣೆ, ಅಡ್ಡಕ್ಕೆ ಆ ಮಾರುಕಟ್ಟೆಯಲ್ಲಿ ನಮ್ಮ ತಾಕತ್ತು. ತಾಕತ್ತು ಎಡಗಡೆ ಜಾಸ್ತಿ. ಎಡಗಡೆಯ ಮೇಲಿನ ಮೂರು ಮನೆ ಹಸಿರು, ಅಲ್ಲಿ ದುಡ್ಡು ಹಾಕು. ಬಲಗಡೆಯ ಕೆಳಗಿನ ಮೂರು ಕೆಂಪು, ಅಲ್ಲಿಂದ ದುಡ್ಡು ತೆಗೆ. ಎಡಗಡೆಯ ಕೆಳಗಿನ ಮೂಲೆಯಿಂದ ಬಲಗಡೆಯ ಮೇಲಿನ ಮೂಲೆಗೆ ಓರೆಯಾಗಿ ಹೋಗುವ ನಡುವಿನ ಮೂರು ಹಳದಿ, ನೋಡಿಕೊಂಡು ಮಾಡು. (ಎಚ್‌ಆರ್‌ನವರು ನೌಕರರನ್ನು ಅಳೆಯಲು ಬಳಸುವ ನೈನ್ ಬಾಕ್ಸ್ ಬೇರೆ. ಅದರ ತಂಟೆಗೆ ನಾನು ಹೋಗುವುದಿಲ್ಲ.)

ಇದು ಹುಟ್ಟಿದ್ದು 1970ರ ದಶಕದ ಶುರುವಿನಲ್ಲಿ, ಅಮೆರಿಕದ ಜಿಇ ಕಂಪನಿಗಾಗಿ. ಬಲ್ಬಿನಿಂದ ವಿಮಾನದ ಎಂಜಿನ್‌ವರೆಗೆ ಅವರ ಹತ್ತಿರ ಸುಮಾರು 150 ವ್ಯವಹಾರಗಳಿದ್ದವು. ಪ್ರತಿಯೊಂದರ ಮುಖ್ಯಸ್ಥನೂ ನನಗೆ ದುಡ್ಡು ಕೊಡಿ ಅಂತ ಕೈಚಾಚುತ್ತಿದ್ದ. ಆಗ ಚಾಲ್ತಿಯಲ್ಲಿದ್ದ ಬಿಸಿಜಿ ಅನ್ನುವ ಸಲಹಾ ಸಂಸ್ಥೆಯ ನಾಲ್ಕು ಮನೆಯ ಚೌಕ ಎರಡೇ ಸಂಗತಿ ನೋಡುತ್ತಿತ್ತು: ಮಾರುಕಟ್ಟೆ ಎಷ್ಟು ಬೆಳೆಯುತ್ತಿದೆ, ಅದರಲ್ಲಿ ದೊಡ್ಡ ಎದುರಾಳಿಗೆ ಹೋಲಿಸಿದರೆ ನಮ್ಮ ಪಾಲು ಎಷ್ಟು. ಅಷ್ಟು ಸಾಲದು ಅಂತ ಮೆಕಿನ್ಸೆ ಸಲಹಾ ಸಂಸ್ಥೆಯವರ ಜೊತೆ ಸೇರಿ ಒಂಬತ್ತು ಮನೆ ಮಾಡಿದರು. ಎರಡೂ ಕಡೆ ಹಲವು ಅಂಶಗಳನ್ನು ತೂಗಿ ಅಂಕ ಹಾಕುವ ಪದ್ಧತಿ ಬಂತು. ಒಳ್ಳೆಯದೇ ಆಯಿತು. ಆದರೆ ಅಂಶಗಳು ಹಲವಾದಾಗ ಯಾವುದು ಯಾವ ಕಡೆಗೆ ಸೇರಬೇಕು ಅನ್ನುವ ಗೊಂದಲವೂ ಜೊತೆಗೇ ಬಂತು. ನನ್ನ ತಲೆನೋವು ಅದೇ.

ಬೆಳಗಾವಿಯ ಒಂದು ಮನೆತನದ ಕಂಪನಿಯ ಕತೆ ಹೇಳುತ್ತೇನೆ. ಹೆಸರು ಬೇಡ. ಮೂರು ವ್ಯವಹಾರ: ನೀರಾವರಿ ಪಂಪುಗಳಿಗೆ ಎರಕ ಹೊಯ್ದು ಕೊಡುವ ಫೌಂಡ್ರಿ, ಟಿಪ್ಪರ್ ಲಾರಿಗಳಿಗೆ ಹೈಡ್ರಾಲಿಕ್ ಸಿಲಿಂಡರ್ ಮಾಡುವ ಘಟಕ, ಮತ್ತೊಂದು ಕಬ್ಬಿಣದ ವ್ಯಾಪಾರ. ಫೌಂಡ್ರಿಗೆ ಎರಕದ ಅಚ್ಚು ಮಾಡುವ 6 ಕೋಟಿಯ ಹೊಸ ಮೋಲ್ಡಿಂಗ್ ಲೈನ್ ಹಾಕಬೇಕು, ಸಿಲಿಂಡರ್ ಘಟಕ ಮಾರಿಬಿಡಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಬ್ಯಾಂಕಿಗೆ ತೋರಿಸಲು ಒಂದು ಚೌಕ ಬೇಕಿತ್ತು, ಅಷ್ಟೇ. ಚೌಕವೂ ಅವರು ಬಯಸಿದ ಹಾಗೇ ಬಂದಿತ್ತು.

ಅಂಕ ಹೇಗೆ ಹಾಕಿದಿರಿ ಅಂತ ಕೇಳಿದೆ. ಆಕರ್ಷಣೆಗೆ ನಾಲ್ಕು ಅಂಶ ಇಟ್ಟಿದ್ದರು. ಮಾರುಕಟ್ಟೆಯ ಗಾತ್ರಕ್ಕೆ ತೂಕ 20, ಬೆಳವಣಿಗೆಗೆ 25, ಲಾಭಕ್ಕೆ 35, ಪೈಪೋಟಿಗೆ 20. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಪೈಪೋಟಿ ಕಡಿಮೆ ಇದ್ದಷ್ಟೂ ಅಂಕ ಜಾಸ್ತಿ. ಇಲ್ಲಿಯವರೆಗೆ ತಪ್ಪೇನಿಲ್ಲ. ಫೌಂಡ್ರಿಯ ಗಾತ್ರಕ್ಕೆ 3, ಬೆಳವಣಿಗೆಗೆ 2. ಅದನ್ನೂ ಪ್ರಾಮಾಣಿಕವಾಗಿಯೇ ಹಾಕಿದ್ದರು. ಆಮೇಲೆ ಲಾಭಕ್ಕೆ 5, ಪೈಪೋಟಿಗೂ 5. ಒಟ್ಟು 3.85. 1ರಿಂದ 5ರವರೆಗಿನ ಅಳತೆಯನ್ನು ಮೂರು ಸಮಪಾಲು ಮಾಡಿದರೆ ಗೆರೆಗಳು 2.33 ಮತ್ತು 3.67ರಲ್ಲಿ ಬೀಳುತ್ತವೆ, ಮೇಲಿನ ಸಾಲು 3.67ಕ್ಕೆ ಶುರುವಾಗುತ್ತದೆ. ಅವರ ತಾಕತ್ತು 4.2, ಅದರಲ್ಲಿ ನನಗೂ ಅನುಮಾನ ಇರಲಿಲ್ಲ. ಅಲ್ಲಿಗೆ ಅಚ್ಚ ಹಸಿರು.

“ಲಾಭಕ್ಕೆ 5 ಯಾಕೆ?” ಅಂದೆ.

ಮನೆಯ ಹಿರಿಯರು ಹೇಳಿದರು: “ಸರ, ನಮಗ ನೂರಕ್ಕ ಹದಿನೈದು ಉಳೀತೈತಿ. ಅಷ್ಟ್ ಉಳೀತೈತಿ ಅಂದ್ರ ಮಾರ್ಕೆಟ್ ಛಲೋ ಐತಿ ಅಂತ ಆತಲ್ರೀ?”

ಆಗಲಿಲ್ಲ. ಇಡೀ ಅಂಕಣ ಇದೊಂದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ. ನೂರಕ್ಕೆ 15 ನಿಮಗೆ ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಉಳಿಯುತ್ತದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಆಕರ್ಷಣೆಯ ಅಂಕ ಹಾಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನಾಳೆ ನಮ್ಮ ಫ್ಯಾಕ್ಟರಿಗೆ ಬೀಗ ಬಿದ್ದರೂ ಈ ಅಂಕ ಹಾಗೇ ಇರುತ್ತದಾ? ಪಂಪುಗಳ ಬೇಡಿಕೆ ಹಾಗೇ ಇರುತ್ತದೆ, ಬೆಳವಣಿಗೆ ಹಾಗೇ ಇರುತ್ತದೆ. ನಿಮ್ಮ 15 ಇರುವುದಿಲ್ಲ. ಹಾಗಾದರೆ ಅದು ಈ ಕಡೆಯದಲ್ಲ, ತಾಕತ್ತಿನ ಕಡೆಯದು. ಅಲ್ಲಿ ಅದನ್ನು ಆಗಲೇ ಎಣಿಸಿದ್ದೀರಿ. ಇಲ್ಲೂ ಹಾಕಿದರೆ ಒಂದೇ ಸರಕನ್ನು ಎರಡು ತಕ್ಕಡಿಯಲ್ಲಿ ತೂಗಿದಂತೆ. ಅದಕ್ಕೇ ಚುಕ್ಕಿಗಳು ಓರೆಗೆರೆ ಹಿಡಿಯುವುದು. ನಾವು ಗೆದ್ದ ಕಡೆ ಮಾರುಕಟ್ಟೆ ಚೆನ್ನ, ಸೋತ ಕಡೆ ಮಾರುಕಟ್ಟೆ ಕೆಟ್ಟದ್ದು ಅಂತ ಬರೆದರೆ ಒಂಬತ್ತು ಮನೆ ಯಾಕೆ ಬೇಕು? ಒಂದು ಗೆರೆ ಸಾಕು.

ಪೈಪೋಟಿಯದೂ ಅದೇ ಕತೆ. “ನಮ್ಮ ಸಮಕ್ಕ ಯಾರೂ ನಿಲ್ಲೂದಿಲ್ಲ” ಅಂತ 5 ಕೊಟ್ಟಿದ್ದರು. ನಿಮ್ಮನ್ನು ಬಿಟ್ಟು ನೋಡಿದರೆ? ಸಣ್ಣ ಫೌಂಡ್ರಿಗಳು ಬೇಕಾದಷ್ಟಿವೆ. ಪಂಪ್ ಕಂಪನಿಗಳು ಮೂರ್ನಾಲ್ಕು ಕಡೆ ರೇಟ್ ಕೇಳಿ, ಕಿಲೋಗೆ 2 ರೂಪಾಯಿ ಕಡಿಮೆ ಸಿಕ್ಕರೆ ಆ ಕಡೆ ಹೊರಳುತ್ತವೆ. ಪೈಪೋಟಿಗೆ 2 ಅಂಕ ಕೊಟ್ಟರೆ ಹೆಚ್ಚು.

ಇತರರ ಲಾಭ ತಿಳಿಯುವುದು ಹೇಗೆ? ಎದುರಾಳಿ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಅವರು ಸಲ್ಲಿಸಿದ ಲೆಕ್ಕಪತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಪಾಲುದಾರಿಕೆ ಸಂಸ್ಥೆಗಳದು ಹಾಗೆ ಸಿಗುವುದಿಲ್ಲ. ಆಗ ಫೌಂಡ್ರಿಗಳಿಗೆ ಪಿಗ್ ಐರನ್ ಅನ್ನುವ ಕಚ್ಚಾ ಕಬ್ಬಿಣ ಮಾರುವವರನ್ನು ಕೇಳಬೇಕು. ಯಾರು ಎಷ್ಟು ದಿನ ಉದ್ರಿ ಎಳೆಯುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ನಮಗೆ ನಾಲ್ಕು ಕಂಪನಿಗಳ ಲೆಕ್ಕ ಸಿಕ್ಕಿತು. ನೂರಕ್ಕೆ 4ರಿಂದ 6. ನಾಲ್ಕೇ ಲೆಕ್ಕ, ಅದನ್ನು ವೇದವಾಕ್ಯ ಅನ್ನುವುದಿಲ್ಲ. ಆದರೆ 15ರ ಹತ್ತಿರ ಒಬ್ಬರೂ ಇರಲಿಲ್ಲ.

ಹಾಗಾದರೆ ಇವರಿಗೆ ಮಾತ್ರ 15 ಹೇಗೆ? ಕೂತು ಬಿಡಿಸಿದೆವು. ಜಾಗ ತಂದೆಯ ಕಾಲದ್ದು, ಬಾಡಿಗೆ ಇಲ್ಲ. ಕುಲುಮೆಯ ಸಾಲ ತೀರಿ ವರ್ಷಗಳಾಗಿವೆ. ಜೊತೆಗೆ ಹಿರಿಯರ ತಮ್ಮ ಅಚ್ಚಿಗೆ ಮಾದರಿ ಮಾಡುವ ಪ್ಯಾಟರ್ನ್ ಕೆಲಸದಲ್ಲಿ ಎತ್ತಿದ ಕೈ, ಅವರ ಕಣ್ಣು ತಪ್ಪಿಸಿ ಒಂದು ಗಾಳಿಗುಳ್ಳೆಯ ಎರಕ ಹೊರಗೆ ಹೋಗುವುದಿಲ್ಲ. ರಿಜೆಕ್ಷನ್ ನೂರಕ್ಕೆ 3 ದಾಟುವುದಿಲ್ಲ. ನಿಜವಾದ ಹೆಮ್ಮೆಯ ಸಂಗತಿ. ಆದರೆ 6 ಕೋಟಿಯ ಹೊಸ ಲೈನಿಗೆ ಇದ್ಯಾವುದೂ ಇರುವುದಿಲ್ಲ. ಅದಕ್ಕೆ ಬಡ್ಡಿ ಇರುತ್ತದೆ, ಸವಕಳಿ ಇರುತ್ತದೆ, ಆ ತಮ್ಮ ಎರಡು ಕಡೆ ನಿಲ್ಲಲಾರರು. ಹೊಸ ದುಡ್ಡಿಗೆ ಸಿಗುವುದು ಹೆಚ್ಚುಕಡಿಮೆ ಊರಿನವರಿಗೆಲ್ಲ ಸಿಗುವ 5. ಬ್ಯಾಂಕಿನ ಬಡ್ಡಿ ಕಟ್ಟಿದ ಮೇಲೆ ಅದರಲ್ಲಿ ಏನು ಉಳಿದೀತು? ಆಕರ್ಷಣೆಯನ್ನು ಬೇರೆಯಾಗಿ ಅಳೆಯುವುದು ಇದಕ್ಕೇ. ತಾಕತ್ತು ಇದುವರೆಗಿನ ದುಡ್ಡಿನ ಕತೆ ಹೇಳುತ್ತದೆ. ಇನ್ನು ಹಾಕುವ ದುಡ್ಡಿನ ಪಾಡು ಬಹುಪಾಲು ಮಾರುಕಟ್ಟೆಯ ಕೈಯಲ್ಲಿರುತ್ತದೆ.

ಲಾಭಕ್ಕೆ 2, ಪೈಪೋಟಿಗೆ 2 ಹಾಕಿ ಮತ್ತೆ ಕೂಡಿದೆವು. 3.85 ಇದ್ದದ್ದು 2.20ಕ್ಕೆ ಇಳಿಯಿತು. 2.33ಕ್ಕಿಂತ ಕಡಿಮೆ ಅಂದರೆ ಕೆಳಗಿನ ಸಾಲು. ತಾಕತ್ತು ಅದೇ 4.2 ಇದ್ದದ್ದರಿಂದ ಚುಕ್ಕಿ ಹಳದಿ ಮನೆಗೆ ಬಂತು. ಇರುವುದನ್ನು ಕಾಪಾಡಿಕೋ, ಬರುವ ದುಡ್ಡನ್ನು ಬೇರೆ ಕಡೆ ಹಾಕು ಅನ್ನುವ ಮನೆ ಅದು.

ಸಿಲಿಂಡರ್ ಘಟಕದ್ದು ಉಲ್ಟಾ. ಅಲ್ಲಿ ನಷ್ಟ, ಹಾಗಾಗಿ ಲಾಭಕ್ಕೆ 1. ಎಲ್ಲರೂ ತಮ್ಮನ್ನು ಹೊಡೆಯುತ್ತಾರೆ ಅಂತ ಪೈಪೋಟಿಗೂ 1. ಗಾತ್ರಕ್ಕೆ 3, ಬೆಳವಣಿಗೆಗೆ 4 ಹಾಕಿದ್ದರೂ ಒಟ್ಟು 2.15. ತಾಕತ್ತು 2.2. ನೇರ ಕೆಂಪು, ಮಾರಿಬಿಡು. ಬೀಗದ ಪ್ರಶ್ನೆ ಕೇಳಿದ ಮೇಲೆ ಬೇರೆ ಚಿತ್ರ ಕಂಡಿತು. ಅದೇ ವ್ಯವಹಾರದ ಇತರರು ಚೆನ್ನಾಗಿಯೇ ದುಡಿಯುತ್ತಿದ್ದರು. ಟಿಪ್ಪರ್ ಬಾಡಿ ಕಟ್ಟುವವರು ಒಂದು ಸಿಲಿಂಡರನ್ನು ತಿಂಗಳುಗಟ್ಟಲೆ ಓಡಿಸಿ ನೋಡಿ ಒಪ್ಪುತ್ತಾರೆ, ಒಪ್ಪಿದ ಮೇಲೆ 2 ರೂಪಾಯಿಗೆ ಬಿಡುವುದಿಲ್ಲ. ಲಾಭಕ್ಕೆ 4, ಪೈಪೋಟಿಗೆ 4. ಒಟ್ಟು 3.80, ಮೇಲಿನ ಸಾಲು. ಮಾರುಕಟ್ಟೆ ಚೆನ್ನಾಗಿತ್ತು, ಇವರು ಚೆನ್ನಾಗಿರಲಿಲ್ಲ. ಇದನ್ನು ಹೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇದೂ ಹಳದಿ ಮನೆಯೇ, ಆದರೆ ಬೇರೆ ಹಳದಿ. ಇಲ್ಲಿ ಕೇಳುವುದು: ನಮ್ಮ ತಾಕತ್ತು ನಡುವಿನ ಕಂಬಕ್ಕೆ ಬರಲು ಎಷ್ಟು ಖರ್ಚು, ಎಷ್ಟು ಕಾಲ? ಸಿಲಿಂಡರ್‌ಗಳು ಸೋರಿ ವಾಪಸ್ ಬರುತ್ತಿದ್ದವು. ಕಾರಣ ಹುಡುಕಿದರೆ ಟ್ಯೂಬಿನ ಒಳಮೈ ಉಜ್ಜಿ ನಯ ಮಾಡುವ ಹೋನಿಂಗ್ ಕೆಲಸ ಹೊರಗೆ ಮಾಡಿಸುತ್ತಿದ್ದರು. ಒಳಮೈ ಒರಟಾಗಿದ್ದರೆ ಸೀಲ್ ಬೇಗ ಸವೆಯುತ್ತದೆ. ಕಳಿಸುವ ಮುಂಚೆ ಪ್ರೆಶರ್ ಹಾಕಿ ನೋಡುವ ಟೆಸ್ಟ್ ಬೆಂಚೂ ಇರಲಿಲ್ಲ. ಒಂದು ಹೋನಿಂಗ್ ಯಂತ್ರ, ಒಂದು ಬೆಂಚು, ಒಬ್ಬ ಒಳ್ಳೆಯ ಡಿಸೈನ್ ಎಂಜಿನಿಯರ್. ಅವರೇ ಕೂತು ಲೆಕ್ಕ ಹಾಕಿದಾಗ ಮೋಲ್ಡಿಂಗ್ ಲೈನಿನ ಕಾಲುಭಾಗಕ್ಕಿಂತ ಕಡಿಮೆ ಬಂತು. ಕಾಲ ಮಾತ್ರ 2 ವರ್ಷ ಅಂದುಕೊಂಡೆವು.

ಒಂದು ಎಚ್ಚರಿಕೆ. ಫೌಂಡ್ರಿಯ 2.20 ಗೆರೆಗೆ ತೀರಾ ಹತ್ತಿರ. ಬೆಳವಣಿಗೆಯ 2ನ್ನು 3 ಮಾಡಿದರೆ ಒಟ್ಟು 2.45 ಆಗಿ ನಡುವಿನ ಸಾಲಿಗೆ ಏರುತ್ತದೆ, ಮನೆ ಮತ್ತೆ ಹಸಿರು. ಒಂದೇ ಅಂಕಕ್ಕೆ ಬಣ್ಣ ಬದಲಾಗುತ್ತದೆ ಅಂದರೆ ಬಣ್ಣ ನೋಡಿ ತೀರ್ಮಾನ ಮಾಡಬಾರದು, ಆ ಒಂದು ಅಂಕದ ಬಗ್ಗೆ ಇನ್ನಷ್ಟು ವಿಚಾರಿಸಬೇಕು. ಇವರ ವಿಷಯದಲ್ಲಿ ಹೊಸ ದುಡ್ಡಿಗೆ 5 ಅನ್ನುವ ಲೆಕ್ಕ ಬೇರೆಯಾಗಿ ಸಿಕ್ಕಿದ್ದರಿಂದ ನನಗೆ ಧೈರ್ಯ ಬಂತು. ಬರೀ ಚೌಕ ನಂಬಿ 6 ಕೋಟಿ ಬೇಡ ಅನ್ನುತ್ತಿರಲಿಲ್ಲ. ತೂಕಗಳನ್ನು ಅಂಕ ಹಾಕುವ ಮೊದಲೇ ಬರೆದು ಸಹಿ ಮಾಡಿಸುವುದೂ ಇದಕ್ಕೇ. ಆಮೇಲೆ ತೂಕಕ್ಕೆ ಕೈ ಹಾಕಿದರೆ ಯಾವ ಚುಕ್ಕಿಯನ್ನು ಯಾವ ಮನೆಗೆ ಬೇಕಾದರೂ ಒಯ್ಯಬಹುದು.

ಹಿರಿಯರು ಪೂರ್ತಿ ಒಪ್ಪಲಿಲ್ಲ. “ನೀವು ನನ್ನ ಫೌಂಡ್ರಿ ಬೈದ್ರಿ” ಅಂದರು. ಇಲ್ಲರೀ, ಮಾರ್ಕೆಟ್ ಬೈದೆ ಅಂದೆ. ನಕ್ಕರು. ಕೊನೆಗೆ ಹೊಸ ಲೈನ್ ಬಿಟ್ಟು ಅಚ್ಚಿನ ಮರಳು ಸಿದ್ಧಮಾಡುವ ಹಳೆಯ ಪ್ಲಾಂಟ್ ರಿಪೇರಿ ಮಾಡಿಸಿದರು. ಹೋನಿಂಗ್ ಯಂತ್ರ ಬಂತು. ಈಗ ಸೋರಿಕೆಯ ದೂರು ಬಹಳ ಕಡಿಮೆ, ಕಳೆದ ವರ್ಷ ಸಿಲಿಂಡರ್ ಘಟಕ ನಷ್ಟದಿಂದ ಹೊರಬಂತು. ಆ ವರ್ಷ ಟಿಪ್ಪರ್ ಬೇಡಿಕೆಯೂ ಚೆನ್ನಾಗಿತ್ತು. ಎಷ್ಟು ಪಾಲು ಯಂತ್ರದ್ದು, ಎಷ್ಟು ಬೇಡಿಕೆಯದು ಅಂತ ಕೇಳಬೇಡಿ.

ಮೂರನೆಯ ವ್ಯವಹಾರ, ಕಬ್ಬಿಣದ ವ್ಯಾಪಾರ, ಹೇಗೆ ಅಳೆದರೂ ಕೆಂಪೇ. ಅದನ್ನು ನೋಡಿಕೊಳ್ಳುವುದು ಮನೆಯ ಅಳಿಯ. ಅಳಿಯನಿಗೆ ಚೌಕದಲ್ಲಿ ಕಂಬ ಇಲ್ಲ. ಆ ಚುಕ್ಕಿಯನ್ನು ಹಿರಿಯರು ಪೆನ್ಸಿಲ್‌ನಲ್ಲಿ ಇಟ್ಟರು, ಇನ್ನೂ ಪೆನ್ಸಿಲ್‌ನಲ್ಲೇ ಇದೆ.