ಎರಡು ಸಂಖ್ಯೆ ಸಮ ಅನ್ನಲು ಎಷ್ಟು ಹತ್ತಿರ ಇರಬೇಕು?

ಈ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಂ ನೋಡಿ.

```python
x = 0.0
while x != 1.0:
    print(x)
    x = x + 0.1
```

ಸೊನ್ನೆಯಿಂದ ಶುರು ಮಾಡು, ಪ್ರತಿ ಸಲ 0.1 ಕೂಡಿಸು, 1 ಬಂದಾಗ ನಿಲ್ಲು. ಹತ್ತು ಸಲ ಕೂಡಿಸಿದ ಮೇಲೆ ನಿಲ್ಲಬೇಕು, ಅಲ್ವಾ? ಆದರೆ ನಿಲ್ಲುವುದಿಲ್ಲ. ಹತ್ತನೇ ಸಲ x ಆಗುವುದು 0.9999999999999999. ಅದು 1 ಅಲ್ಲ. ಮುಂದಿನ ಸಲ 1.0999999999999999. 1 ದಾಟಿಹೋಯಿತು. ಇನ್ನು ನಾವಾಗಿಯೇ ನಿಲ್ಲಿಸುವ ತನಕ ಪ್ರೋಗ್ರಾಂ ಓಡುತ್ತಲೇ ಇರುತ್ತದೆ.

ಇಲ್ಲಿ ಕಂಪ್ಯೂಟರಿನ ಲೆಕ್ಕ ತಪ್ಪಿಲ್ಲ. ನಾವು 0.1 ಎಂದು ಟೈಪ್ ಮಾಡಿದ ಕ್ಷಣದಲ್ಲೇ ಅದಕ್ಕೆ ಸಿಕ್ಕಿದ್ದು ಬೇರೆ ಸಂಖ್ಯೆ. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆಯಲು ಹೊರಟರೆ 0.3333 ಎಂದು ಮುಗಿಯದೆ ಹೋಗುತ್ತದೆ. ಹತ್ತನೇ ಒಂದನ್ನು ಬೈನರಿಯಲ್ಲಿ ಬರೆದರೂ ಅದೇ ಕಥೆ: 0.000110011001100... ಹೀಗೆ 1100 ಎಂಬುದು ಮತ್ತೆ ಮತ್ತೆ ಬರುತ್ತದೆ. ಬೈನರಿಯಲ್ಲಿ ಮುಗಿಯುವುದು ಅರ್ಧ, ಕಾಲು, ಅರೆಕಾಲು ಇಂಥ ಭಾಗಗಳು, ಮತ್ತೆ ಅವನ್ನು ಕೂಡಿಸಿ ಸಿಗುವ ಸಂಖ್ಯೆಗಳು ಮಾತ್ರ. ಹತ್ತರಲ್ಲಿ 5 ಎಂಬ ಅಪವರ್ತನ ಇರುವುದರಿಂದ 0.1 ಆ ಗುಂಪಿಗೆ ಸೇರುವುದಿಲ್ಲ.

ಇಂಥ ಸಂಖ್ಯೆಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ರೂಪಕ್ಕೆ ಫ್ಲೋಟಿಂಗ್ ಪಾಯಿಂಟ್ ಎನ್ನುತ್ತಾರೆ. ಇದಕ್ಕಾಗಿ ಈಗಿನ ಬಹುಪಾಲು ಕಂಪ್ಯೂಟರುಗಳು ಪಾಲಿಸುವುದು 1985ರಲ್ಲಿ ಬಂದ IEEE 754 ಎಂಬ ನಿಯಮವನ್ನು. ಇದನ್ನು ರೂಪಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದ ವಿಲಿಯಂ ಕಾಹನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಈ ನಿಯಮದ 64 ಬಿಟ್ಟಿನ ಸಂಖ್ಯೆಯಲ್ಲಿ ಅಂಕಿಗಳಿಗೆ ಸಿಗುವ ಜಾಗ 53 ಬಿಟ್. ಅಷ್ಟರಲ್ಲಿ 0.1ಕ್ಕೆ ಅತಿ ಹತ್ತಿರದ್ದು ಸುಮಾರು 0.1000000000000000055. ಪರದೆ ಮೇಲೆ ಮಾತ್ರ ಪೈಥಾನ್ 0.1 ಎಂದೇ ತೋರಿಸುತ್ತದೆ, ಏಕೆಂದರೆ ಅದು ಆ ಸಂಖ್ಯೆಯನ್ನು ಗುರುತಿಸಲು ಸಾಕಾಗುವಷ್ಟು ಅಂಕಿಗಳನ್ನಷ್ಟೇ ಅಚ್ಚು ಮಾಡುತ್ತದೆ. ಒಳಗಿರುವುದನ್ನು ನೋಡಬೇಕಾದರೆ `format(0.1, '.20f')` ಎಂದು ಕೊಡಿ, 0.10000000000000000555 ಎಂದು ಬರುತ್ತದೆ.

ಎಲ್ಲರಿಗೂ ಗೊತ್ತಿರುವ 0.1 + 0.2 ಲೆಕ್ಕವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಒಳಗಿರುವ 0.1 ಸ್ವಲ್ಪ ಜಾಸ್ತಿ, 0.2 ಕೂಡ ಸ್ವಲ್ಪ ಜಾಸ್ತಿ. 0.3 ಮಾತ್ರ ಒಂದು ಚೂರು ಕಡಿಮೆ, 0.2999999999999999889. ಅದರ ಪಕ್ಕದ ಮೇಲಿನ ಸಂಖ್ಯೆ 0.3000000000000000444. ಇವೆರಡರ ನಡುವೆ ಇನ್ನೊಂದು ಸಂಖ್ಯೆಗೆ ಜಾಗವೇ ಇಲ್ಲ. ಮೊತ್ತ ಬರುವುದು ಸರಿಯಾಗಿ ಇವೆರಡರ ಮಧ್ಯಕ್ಕೆ, 0.30000000000000001665. ಹೀಗೆ ಮಧ್ಯಕ್ಕೆ ಬಿದ್ದರೆ ಕೊನೆಯ ಬಿಟ್ ಸೊನ್ನೆ ಇರುವ ಕಡೆಗೆ ಹೋಗು ಎನ್ನುತ್ತದೆ ನಿಯಮ. ಇಲ್ಲಿ ಅದು ಮೇಲಿನದು. ಹಾಗಾಗಿ ಉತ್ತರ 0.30000000000000004, ಮತ್ತು `0.1 + 0.2 == 0.3` ಎಂದರೆ `False`.

ಆದರೆ `0.1 + 0.3 == 0.4` ಎಂದು ಕೇಳಿ, `True` ಬರುತ್ತದೆ. ಅಲ್ಲೂ ಮೊತ್ತ ಮಧ್ಯಕ್ಕೇ ಬೀಳುತ್ತದೆ, ಆದರೆ ಆ ಸಲ ಅದೇ ನಿಯಮ ನಮಗೆ ಬೇಕಾದ ಕಡೆಗೆ ತಳ್ಳುತ್ತದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ. ಯಾವಾಗಲೂ ತಪ್ಪು ಬರುತ್ತಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಪರೀಕ್ಷೆಗೆ ಕೊಟ್ಟ ಸಂಖ್ಯೆಗಳಲ್ಲಿ ಸರಿಹೋಗಿ, ಬಳಕೆದಾರರು ಕೊಟ್ಟ ಸಂಖ್ಯೆಗಳಲ್ಲಿ ಕೈಕೊಡುವ ತಪ್ಪನ್ನು ಹುಡುಕುವುದು ಬಹಳ ಕಷ್ಟ.

ಪರಿಹಾರ ಕೇಳಲು ಸುಲಭ: ಎರಡೂ ಒಂದೇನಾ ಎಂದು ಕೇಳಬೇಡಿ, ಸಾಕಷ್ಟು ಹತ್ತಿರ ಇವೆಯಾ ಎಂದು ಕೇಳಿ. `abs(a - b) < 1e-9` ಎಂದು ಬರೆಯುವುದು ವಾಡಿಕೆ. 1e-9 ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತೇವೆ, ಅದೇ ಟಾಲರೆನ್ಸ್.

ತೊಡಕಿರುವುದು ಆ 1e-9 ಎಲ್ಲಿಂದ ಬಂತು ಎಂಬುದರಲ್ಲಿ. ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳನ್ನು ಒಂದು ಅಳತೆಪಟ್ಟಿಯ ಗೆರೆಗಳು ಎಂದುಕೊಳ್ಳಿ. ಈ ಪಟ್ಟಿಯಲ್ಲಿ ಗೆರೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಅಲ್ಲ. 1ರಿಂದ 2ರ ತನಕ ಅದು ಸುಮಾರು 2.2e-16. 2, 4, 8 ದಾಟಿದಂತೆ ಪ್ರತಿ ಸಲ ಎರಡರಷ್ಟಾಗುತ್ತದೆ. ಹತ್ತು ಕೋಟಿಯ ಹತ್ತಿರ ಅಂತರ 1.5e-8. ಅಂದರೆ ಅಲ್ಲಿ ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸವೇ ನಮ್ಮ ಟಾಲರೆನ್ಸಿಗಿಂತ ದೊಡ್ಡದು. ಅಲ್ಲಿ 1e-9 ಇಟ್ಟರೂ ಒಂದೇ, `==` ಹಾಕಿದರೂ ಒಂದೇ.

ಸಣ್ಣ ಸಂಖ್ಯೆಗಳ ಕಡೆ ಇದರ ಉಲ್ಟಾ. ಪ್ರೋಟಾನಿನ ತೂಕ ಸುಮಾರು 1.67e-27 ಕಿಲೋಗ್ರಾಂ, ಎಲೆಕ್ಟ್ರಾನಿನದು 9.11e-31. ಒಂದು ಇನ್ನೊಂದರ 1836 ಪಟ್ಟು. ಆದರೂ 1e-9 ಟಾಲರೆನ್ಸ್ ಇಟ್ಟುಕೊಂಡ ಪ್ರೋಗ್ರಾಂ ಎರಡೂ ಸಮ ಎಂದುಬಿಡುತ್ತದೆ.

ಹಾಗಾಗಿ ಟಾಲರೆನ್ಸ್ ಕೂಡ ಸಂಖ್ಯೆಯ ಗಾತ್ರದ ಜೊತೆ ಬೆಳೆಯಬೇಕು, ಕುಗ್ಗಬೇಕು. ಪೈಥಾನ್ 3.5ರಿಂದ ಇರುವ `math.isclose(a, b)` ಇದನ್ನೇ ಮಾಡುತ್ತದೆ. ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು, ವ್ಯತ್ಯಾಸ ಅದರ ನೂರು ಕೋಟಿಯಲ್ಲಿ ಒಂದು ಪಾಲಿನೊಳಗೆ ಇದೆಯೇ ಎಂದು ನೋಡುತ್ತದೆ. ಪ್ರೋಟಾನ್, ಎಲೆಕ್ಟ್ರಾನ್ ಈಗ ಬೇರೆ ಬೇರೆ. ಹತ್ತು ಕೋಟಿಯ ಲೆಕ್ಕವೂ ಸರಿ.

ಇದು ಸೋಲುವುದು ಸೊನ್ನೆಯ ಹತ್ತಿರ. `math.sin(math.pi)` ಸೊನ್ನೆ ಆಗಬೇಕು, ಬರುವುದು 1.2246467991473532e-16. ಇದನ್ನು ಸೊನ್ನೆಗೆ ಹೋಲಿಸಿದರೆ ದೊಡ್ಡದು ಆ ಪುಟಾಣಿ ಸಂಖ್ಯೆಯೇ. ವ್ಯತ್ಯಾಸವೂ ಅಷ್ಟೇ, ಅಂದರೆ ನೂರಕ್ಕೆ ನೂರು. ಟಾಲರೆನ್ಸನ್ನು ಶೇಕಡಾ ಲೆಕ್ಕದಲ್ಲಿ ಎಷ್ಟು ಸಡಿಲ ಮಾಡಿದರೂ ಉಪಯೋಗವಿಲ್ಲ. ಇಂಥ ಕಡೆ ಒಂದು ಸ್ಥಿರ ಮಿತಿಯನ್ನೂ ಕೊಡಬೇಕು:

```python
math.isclose(math.sin(math.pi), 0.0, abs_tol=1e-12)
```

ಈ `abs_tol` ಏನೂ ಕೊಡದಿದ್ದರೆ ಸೊನ್ನೆ. ಎಷ್ಟು ಕೊಡಬೇಕೆಂದು ಲೈಬ್ರರಿಗೆ ಗೊತ್ತಿರಲು ಸಾಧ್ಯವಿಲ್ಲ, ನಮ್ಮ ಲೆಕ್ಕದಲ್ಲಿ ಎಷ್ಟು ಸಣ್ಣದನ್ನು ಸೊನ್ನೆ ಅನ್ನಬಹುದು ಎಂದು ನಮಗೇ ಗೊತ್ತು. ಮಿಲಿಮೀಟರ್ ತನಕ ಅಳೆದ ಜಮೀನಿನ ನಕ್ಷೆಯಾದರೆ ಅರ್ಧ ಮಿಲಿಮೀಟರ್ ಸಾಕು. ಅದಕ್ಕಿಂತ ಬಿಗಿಯಾದದ್ದಕ್ಕೆ ಅರ್ಥವಿಲ್ಲ.

ಅಳತೆಯ ಜೊತೆಗೆ ಲೆಕ್ಕದ ಉದ್ದವನ್ನೂ ನೋಡಬೇಕು. 0.1 ಅನ್ನು ಹತ್ತು ಲಕ್ಷ ಸಲ ಒಂದೊಂದಾಗಿ ಕೂಡಿಸಿದರೆ 100000 ಬರುವುದಿಲ್ಲ, 100000.00000133288 ಬರುತ್ತದೆ. ಪ್ರತಿ ಕೂಡಿಕೆಯಲ್ಲಿ ಒಂದಿಷ್ಟು ಚೂರು ಸೇರಿ ಇಷ್ಟಾಗಿದೆ. `isclose` ಇದನ್ನು ಒಪ್ಪುತ್ತದೆ. ಆದರೆ ಸಿ ಭಾಷೆಯ `DBL_EPSILON` ಅನ್ನೇ ಟಾಲರೆನ್ಸ್ ಎಂದು ಬರೆದಿರುವ ಕೋಡ್ ಒಪ್ಪುವುದಿಲ್ಲ. ಅದರ ಬೆಲೆ 2.2e-16, ಅಂದರೆ 1ರ ಪಕ್ಕದ ಗೆರೆಗಳ ಅಂತರ ಅಷ್ಟೇ. 2 ದಾಟಿದ ಯಾವ ಎರಡು ಸಂಖ್ಯೆಗೆ `fabs(a - b) < DBL_EPSILON` ಎಂದು ಬರೆದರೂ ಅದು ಮಾರುವೇಷದ `==` ಆಗುತ್ತದೆ. ಇದು ಬಹಳ ಕಡೆ ಕಾಣುವ ಸಲಹೆ, ದಯವಿಟ್ಟು ಹಾಗೇ ನಕಲು ಮಾಡಬೇಡಿ.

ಟಾಲರೆನ್ಸ್ ಬೇಡದ ಕಡೆಗಳೂ ಇವೆ. ಮೊದಲು ತೋರಿಸಿದ ಲೂಪಿಗೆ ಸರಿಯಾದ ಮದ್ದು ಪೂರ್ಣಾಂಕದಲ್ಲಿ ಎಣಿಸುವುದು: i ಸೊನ್ನೆಯಿಂದ ಹತ್ತರ ತನಕ, x ಎಂದರೆ i / 10. ಹಣದ ಲೆಕ್ಕವನ್ನು ಪೈಸೆಯಲ್ಲೇ ಪೂರ್ಣಾಂಕವಾಗಿ ಇಟ್ಟುಕೊಳ್ಳಬಹುದು.

ಇನ್ನೊಂದು ಕಡೆ ಟಾಲರೆನ್ಸ್ ಹೊಸ ತೊಂದರೆಯನ್ನೇ ತರುತ್ತದೆ. ಸಮ ಎಂಬುದು a, b, cಗಳ ನಡುವೆ ದಾಟಿಕೊಂಡು ಹೋಗುವ ಗುಣ. ಹತ್ತಿರ ಎಂಬುದು ಹಾಗಲ್ಲ. 0.1ರಷ್ಟು ಸಹಿಸಿಕೊಳ್ಳುವುದಾದರೆ 1.00 ಮತ್ತು 1.08 ಒಂದೇ, 1.08 ಮತ್ತು 1.16 ಒಂದೇ, ಆದರೆ 1.00 ಮತ್ತು 1.16 ಬೇರೆ. ಪಟ್ಟಿಯಿಂದ ಒಂದೇ ಥರದವನ್ನು ತೆಗೆದುಹಾಕಲು ಇದನ್ನು ಬಳಸಿದರೆ, 1.08 ಮೊದಲು ಬಂದರೆ ಒಂದೇ ಉಳಿಯುತ್ತದೆ, 1.00 ಮೊದಲು ಬಂದರೆ ಎರಡು ಉಳಿಯುತ್ತವೆ. ಅಂಥ ಕೆಲಸಕ್ಕೆ ಮೊದಲು ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಆಮೇಲೆ ಪ್ರತಿ ಗುಂಪಿನ ಮೊದಲ ಸಂಖ್ಯೆಗೆ ಮಾತ್ರ ಹೋಲಿಸಬೇಕು. ಆಗ ಡೇಟಾ ಯಾವ ಕ್ರಮದಲ್ಲಿ ಬಂದರೂ ಫಲಿತಾಂಶ ಒಂದೇ.