ರೆಸ್ಯೂಮ್‌ನಲ್ಲಿ ‘125% ಟಾರ್ಗೆಟ್ ಸಾಧನೆ’ ಅಂತಿದೆ, ನಂಬಬಹುದಾ?

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದು ಗೊಬ್ಬರ, ಔಷಧಿಗಳ ಡಿಸ್ಟ್ರಿಬ್ಯೂಷನ್. ‘ಟಾರ್ಗೆಟ್ ಆಧಾರಿತ ಕೆಲಸ’ ಅಂತ ಹಾಕಿ ಸೇಲ್ಸ್ ಆಫೀಸರ್ ಹುದ್ದೆಗೆ ಅರ್ಜಿ ಕರೆದಿದ್ದೆವು. ಬಂದ ರೆಸ್ಯೂಮ್‌ಗಳಲ್ಲೆಲ್ಲ ‘ಟಾರ್ಗೆಟ್ ಮೀರಿ ಸಾಧನೆ’ ಅಂತಲೇ ಬರೆದಿದೆ. ಒಬ್ಬರು 125% ಅಂತ ದಪ್ಪಕ್ಷರದಲ್ಲೇ ಹಾಕಿದ್ದಾರೆ. ಇದನ್ನು ಹೇಗೆ ತೂಗಿ ನೋಡೋದು?

ಉತ್ತರ: ಬರೀ ಶೇಕಡಾ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಅದರ ಜೊತೆ ಮೂರು ವಿಷಯ ಇರಬೇಕು: ಟಾರ್ಗೆಟ್ ಎಷ್ಟು ರೂಪಾಯಿಯದ್ದು, ಎಷ್ಟು ಕಾಲದ್ದು, ಯಾರದ್ದು. ಈ ಮೂರೂ ಇಲ್ಲದ ರೆಸ್ಯೂಮನ್ನು ಹಾಗೇ ಎಸೆಯಬೇಡಿ. ಫೋನ್ ಮಾಡಿ ಕೇಳಿ. ನಿಜವಾಗಿ ಮಾಡಿದವರಿಗೆ ತಮ್ಮ ಟಾರ್ಗೆಟ್ ಬಾಯಿಪಾಠ ಇರುತ್ತದೆ.

ನಮ್ಮ ಕೊಡಗಲ್ಲಿ ಮೊದಲು ನೋಡಬೇಕಾದ್ದು ಕಾಲ. ಮೇ ತಿಂಗಳಲ್ಲಿ ತೋಟಕ್ಕೆ ಗೊಬ್ಬರ ಹಾಕುತ್ತಾರೆ, ಮಳೆ ಹಿಡಿಯೋ ಮುಂಚೆ ಬೋರ್ಡೋ ಸಿಂಪಡಣೆಗೆ ಮೈಲುತುತ್ತ ಒಯ್ಯುತ್ತಾರೆ. ಆಗ ಸರಕು ತಾನಾಗೇ ಓಡುತ್ತದೆ. ಜುಲೈ, ಆಗಸ್ಟಲ್ಲಿ ಮಳೆ ಹೊಡೆಯುವಾಗ ಅಂಗಡಿಗೆ ಬರೋರೇ ಕಡಿಮೆ. ಹಾಗಾಗಿ ಒಂದು ತ್ರೈಮಾಸಿಕದ ಸಂಖ್ಯೆ ಹೇಳಿದರೆ ಅದು ಸೀಸನ್ನಿನ ಸಾಧನೆಯೋ ಮನುಷ್ಯನ ಸಾಧನೆಯೋ ಗೊತ್ತಾಗಲ್ಲ.

ಒಂದು ಲೆಕ್ಕ ನೋಡೋಣ. ನಿಮ್ಮ 125% ಅಭ್ಯರ್ಥಿಯನ್ನು ಇಡೀ ವರ್ಷದ್ದು ಕೇಳಿದಿರಿ ಅಂತಿಟ್ಟುಕೊಳ್ಳಿ. ಏಪ್ರಿಲ್–ಜೂನ್‌ಗೆ 18 ಲಕ್ಷ ಟಾರ್ಗೆಟ್, ಮಾಡಿದ್ದು 22.5 ಲಕ್ಷ. 125% ಬಂದಿದ್ದು ಇಲ್ಲಿಂದ. ಜುಲೈ–ಸೆಪ್ಟೆಂಬರಲ್ಲಿ 8 ಲಕ್ಷಕ್ಕೆ 6 ಲಕ್ಷ, ಅಂದರೆ 75%. ಆಮೇಲಿನ ಎರಡು ತ್ರೈಮಾಸಿಕಗಳಲ್ಲಿ 10ಕ್ಕೆ 10.5, 12ಕ್ಕೆ 12.6. ಒಟ್ಟು 48 ಲಕ್ಷಕ್ಕೆ 51.6 ಲಕ್ಷ, ಅಂದರೆ 107.5%. ಮನುಷ್ಯ ಸುಳ್ಳು ಹೇಳಿಲ್ಲ, ಒಳ್ಳೆ ತುಂಡನ್ನಷ್ಟೇ ತೋರಿಸಿದ್ದಾರೆ. 107.5% ಕೂಡ ಒಳ್ಳೆಯದೇ, ಅದನ್ನೇ ಬರೆಯಬಹುದಿತ್ತು! ಇಲ್ಲಿ ಒಂದು ಎಚ್ಚರಿಕೆ: ನಾಲ್ಕು ಶೇಕಡಾಗಳ ಸರಾಸರಿ ತೆಗೆಯಬೇಡಿ. ಹಾಗೆ ಮಾಡಿದರೆ 102.5 ಬರುತ್ತದೆ, ಅದು ತಪ್ಪು. ರೂಪಾಯಿಗೆ ರೂಪಾಯಿ ಕೂಡಿಸಿ ಭಾಗಿಸಬೇಕು.

ಇನ್ನು ಹಿಂದಿನ ವರ್ಷ ಅದೇ ಏರಿಯಾದಲ್ಲಿ ಎಷ್ಟಾಗಿತ್ತು ಅಂತಲೂ ಕೇಳಿ. ಇವರದ್ದು 45 ಲಕ್ಷ ಇತ್ತು ಅಂದರೆ ಬೆಳವಣಿಗೆ ಸುಮಾರು 15%. ಇನ್ನೊಬ್ಬರು 92% ಅಂತ ಸಣ್ಣಗೆ ಬರೆದಿರಬಹುದು. ಅವರಿಗೆ ಕೊಟ್ಟದ್ದು 50 ಲಕ್ಷ, ಮಾಡಿದ್ದು 46, ಹಿಂದಿನ ವರ್ಷ ಅಲ್ಲಿ ಆಗಿದ್ದು 35. ಟಾರ್ಗೆಟ್ ಮುಟ್ಟಿಲ್ಲ, ಆದರೆ ವ್ಯಾಪಾರ 31% ಏರಿಸಿದ್ದಾರೆ. ನನ್ನ ಮಟ್ಟಿಗೆ ಮೊದಲು ಕರೆಯಬೇಕಾದ್ದು ಇವರನ್ನೇ.

‘ಟೀಮ್ ಟಾರ್ಗೆಟ್ ಸಾಧಿಸಿದೆ’ ಅನ್ನೋದು ಕಂಡರೆ ಅದರಲ್ಲಿ ಅವರ ಪಾಲೆಷ್ಟು ಅಂತ ಕೇಳಿದರೆ ಸಾಕು.

ಜಾಸ್ತಿ ಜನ ಎಡವೋದು ಪ್ರೈಮರಿ, ಸೆಕೆಂಡರಿ ವಿಷಯದಲ್ಲಿ. ಕಂಪನಿಯಿಂದ ಡಿಸ್ಟ್ರಿಬ್ಯೂಟರ್ ಗೋಡೌನಿಗೆ ಹೋದದ್ದು ಪ್ರೈಮರಿ. ಅಲ್ಲಿಂದ ಅಂಗಡಿಗಳಿಗೆ ಹೋದದ್ದು ಸೆಕೆಂಡರಿ. ಮಾರ್ಚ್ ಕೊನೆಗೆ ಡೀಲರ್ ಮೇಲೆ ಸ್ಟಾಕ್ ಹೇರಿ ಟಾರ್ಗೆಟ್ ಮುಟ್ಟಿಸೋದು ನಿಮಗೇ ಗೊತ್ತಿರೋ ಆಟ, ಅಲ್ವಾ? ಏಪ್ರಿಲಲ್ಲಿ ಅದೇ ಮಾಲು ವಾಪಸ್. ಆದ್ದರಿಂದ ‘ಇದು ಪ್ರೈಮರಿಯಾ ಸೆಕೆಂಡರಿಯಾ, ರಿಟರ್ನ್ ಕಳೆದ ಮೇಲಿನದ್ದಾ?’ ಅಂತ ನೇರವಾಗಿ ಕೇಳಿ. ನಿಮ್ಮಲ್ಲಿ ಅವರು ಮಾಡಬೇಕಾದ್ದು ಅಂಗಡಿಗಳಿಗೆ ಮಾರಾಟ, ಹಾಗಾಗಿ ನಿಮಗೆ ಬೇಕಾದ್ದು ಸೆಕೆಂಡರಿ ಸಂಖ್ಯೆ.

ಜೊತೆಗೆ ಕಲೆಕ್ಷನ್. ಇಲ್ಲಿ ಎಷ್ಟೋ ಬೆಳೆಗಾರರು ಕಾಫಿ ಮಾರಿದ ಮೇಲೆ ಸಾಲ ತೀರಿಸುತ್ತಾರೆ. ಏಪ್ರಿಲ್–ಜೂನಲ್ಲಿ ಉದ್ರಿ ಕೊಟ್ಟು ಮಾರಿದ 22.5 ಲಕ್ಷದಲ್ಲಿ ಮಾರ್ಚ್ ಹೊತ್ತಿಗೆ ಎಷ್ಟು ಕೈಗೆ ಬಂತು, ಎಷ್ಟು ಬಾಕಿ ಉಳಿಯಿತು? ಮಾರಾಟವನ್ನು ಪೈಸೆ ಲೆಕ್ಕದಲ್ಲಿ ಹೇಳಿ ಬಾಕಿ ಕೇಳಿದಾಗ ತಡವರಿಸಿದರೆ, ಅಲ್ಲೇ ನಿಂತು ಇನ್ನೊಂದೆರಡು ಪ್ರಶ್ನೆ ಕೇಳಿ.

ಪುರಾವೆಗೆ ಸಂಬಳದ ಸ್ಲಿಪ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಇನ್ಸೆಂಟಿವ್ ಬೇರೆ ಸಾಲಿನಲ್ಲಿದ್ದರೆ ಯಾವ ತಿಂಗಳು ಸಿಕ್ಕಿದೆ ನೋಡಿ. ಎಷ್ಟು ಶೇಕಡಾ ಮುಟ್ಟಿದರೆ ಇನ್ಸೆಂಟಿವ್ ಶುರುವಾಗುತ್ತಿತ್ತು ಅಂತ ಅವರನ್ನೇ ಕೇಳಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಕೆಲವು ಕಡೆ ಎರಡು ಮೂರು ತಿಂಗಳು ತಡವಾಗಿ ಕೊಡುತ್ತಾರೆ, ಹಾಗಾಗಿ ಜೂನ್ ಸ್ಲಿಪ್‌ನಲ್ಲಿ ಕಾಣಲಿಲ್ಲ ಅಂತ ಅನುಮಾನ ಬೇಡ, ಸೆಪ್ಟೆಂಬರಿನದ್ದೂ ನೋಡಿ. ವರ್ಷದ ಆರಂಭದ ಟಾರ್ಗೆಟ್ ಪತ್ರ ಇದ್ದರೆ ಇನ್ನೂ ಒಳ್ಳೆಯದು. ಆದರೆ ಹಳೇ ಕಂಪನಿಯ ಡೀಲರ್ ಪಟ್ಟಿ, ದರಪಟ್ಟಿ ಮಾತ್ರ ಕೇಳಬೇಡಿ. ಕೇಳದೆಯೇ ತಂದು ಮುಂದಿಟ್ಟರೆ, ನಾಳೆ ನಿಮ್ಮ ಪಟ್ಟಿಯೂ ಹಾಗೇ ಇನ್ನೊಬ್ಬರ ಮೇಜಿನ ಮೇಲಿರುತ್ತದೆ.