ಜಂತುಹುಳು ಮಾತ್ರೆ ತಿಂದ ಸಂಜೆ ಹೊಟ್ಟೆನೋವು ಬಂದರೆ

ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಟ್ಟ ದಿನ ಸಂಜೆ ಮಕ್ಕಳ ಡಾಕ್ಟರಿಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಡಾಕ್ಟ್ರೇ, ಬೆಳಿಗ್ಗೆ ಚೆನ್ನಾಗಿಯೇ ಇದ್ದಳು. ಮಾತ್ರೆ ತಿಂದ ಮೇಲೆ ಹೊಟ್ಟೆನೋವು ಅಂತಿದ್ದಾಳೆ. ಮಾತ್ರೆಯಲ್ಲೇ ಏನೋ ತೊಂದರೆ ಇರಬೇಕು ಅಲ್ವಾ?"

ಇಂಥ ಒಂದು ಫೋನಿನ ಹಿಂದಿದ್ದ ಹುಡುಗಿಯನ್ನೇ ತೆಗೆದುಕೊಳ್ಳೋಣ. ಎಂಟು ವರ್ಷ. ಮಧ್ಯಾಹ್ನ ಊಟ ಆದ ಮೇಲೆ ಟೀಚರ್ ಎದುರಿಗೇ ಮಾತ್ರೆ ಅಗಿದು ತಿಂದಿದ್ದಾಳೆ. ಸಂಜೆ ಹೊಕ್ಕುಳ ಸುತ್ತ ಬಿಟ್ಟುಬಿಟ್ಟು ನೋವು, ಒಂದು ಸಲ ವಾಂತಿ. ನಾನು ಅಮ್ಮನನ್ನು ಕೇಳಿದ್ದು ನಾಲ್ಕೇ ವಿಷಯ. ಮತ್ತೆ ಮತ್ತೆ ವಾಂತಿ ಆಗ್ತಿದೆಯಾ? ಹೊಟ್ಟೆ ಉಬ್ಬಿ ಗಟ್ಟಿಯಾಗಿದೆಯಾ? ಮೈಮೇಲೆ ದದ್ದು, ಮುಖ ಊದಿಕೊಳ್ಳುವುದು, ಉಸಿರಾಟದ ಕಷ್ಟ ಏನಾದರೂ ಇದೆಯಾ? ಮಗು ಎಚ್ಚರವಾಗಿ ಮಾತಾಡುತ್ತಿದೆಯಾ? ಆ ನೋವು, ಆ ಒಂದು ವಾಂತಿ ಬಿಟ್ಟು ಬೇರೇನೂ ಇರಲಿಲ್ಲ. ಆಗಾಗ ಸ್ವಲ್ಪ ಸ್ವಲ್ಪ ನೀರು ಕೊಡಿ, ಕೇಳಿದರೆ ಹಗುರವಾದ ಊಟ ಕೊಡಿ, ಮಲಗಲಿ ಅಂದೆ. ಮಾರನೇ ದಿನ ಅವಳು ಶಾಲೆಗೆ ಹೋದಳು. ಮೂರನೇ ದಿನ ಮತ್ತೆ ಫೋನ್. ಮಲದಲ್ಲಿ ಒಂದು ಗೇಣಿಗಿಂತ ಸ್ವಲ್ಪ ಉದ್ದದ, ತಿಳಿಗುಲಾಬಿ ಬಣ್ಣದ ಹುಳು ಬಿದ್ದಿತ್ತು. ಅಮ್ಮನಿಗೆ ಈಗ ಇನ್ನೂ ಜಾಸ್ತಿ ಭಯ.

ಮಾತ್ರೆಯ ಹೆಸರು ಅಲ್ಬೆಂಡಜೋಲ್. ಅದು ಹುಳುವನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ. ಹುಳು ತನ್ನ ಮೈಗೆ ಸಕ್ಕರೆ ಅಂಶ ಎಳೆದುಕೊಳ್ಳುವ ದಾರಿಯನ್ನು ಕೆಡಿಸುತ್ತದೆ. ಹೊಟ್ಟೆಗಿಲ್ಲದೆ ಹುಳು ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಕರುಳಿನಲ್ಲಿ ತನ್ನ ಜಾಗ ಹಿಡಿದುಕೊಳ್ಳಲು ಆಗದೆ ಮಲದ ಜೊತೆ ಹೊರಗೆ ಹೋಗುತ್ತದೆ. ಇದಕ್ಕೆ ಕೆಲವು ದಿನ ಬೇಕು. ಕರುಳಿನಲ್ಲಿ ಹುಳುಗಳು ಜಾಸ್ತಿ ಇರುವ ಮಗುವಿಗೆ ಈ ಸಮಯದಲ್ಲಿ ಹೊಟ್ಟೆನೋವು, ವಾಕರಿಕೆ, ಸುಸ್ತು ಆಗುವ ಸಾಧ್ಯತೆಯೂ ಜಾಸ್ತಿ. ಹುಳು ಇಲ್ಲದ ಮಗುವಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದೇ ಇಲ್ಲ. ಹಾಗಾಗಿ ಆ ಸಂಜೆಯ ನೋವು ಮಾತ್ರೆ ಕೆಟ್ಟಿತ್ತು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಈ ಹುಡುಗಿಗೆ ಮಾತ್ರೆ ನಿಜವಾಗಿಯೂ ಬೇಕಿತ್ತು ಅನ್ನುವುದಕ್ಕೆ ಮೂರನೇ ದಿನ ಬಿದ್ದ ಹುಳುವೇ ಸಾಕ್ಷಿ.

ಇನ್ನೊಂದು ಬಗೆಯ ಗಲಾಟೆಯೂ ಆಗುತ್ತದೆ. ಮಾತ್ರೆ ತಿಂದು ಹತ್ತು ನಿಮಿಷದೊಳಗೆ ಒಬ್ಬ ತಲೆಸುತ್ತು ಅನ್ನುತ್ತಾನೆ, ನೋಡ್ತಾ ನೋಡ್ತಾ ಇಡೀ ಬೆಂಚಿಗೆ ತಲೆಸುತ್ತು. ಅಷ್ಟು ಬೇಗ ಈ ಔಷಧಿ ಏನೂ ಮಾಡಲಾರದು. ಅಲ್ಲಿ ಕೆಲಸ ಮಾಡುತ್ತಿರುವುದು ಭಯ. ಹಾಗಂತ ಮಕ್ಕಳು ನಾಟಕ ಮಾಡುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗನಿಸುತ್ತಿರುತ್ತದೆ. ನೆರಳಿನಲ್ಲಿ ಮಲಗಿಸಿ, ನೀರು ಕೊಟ್ಟು, ಉಳಿದವರನ್ನು ಸ್ವಲ್ಪ ದೂರ ಕೂರಿಸಿದರೆ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಆದರೂ ಒಬ್ಬೊಬ್ಬರನ್ನೇ ನೋಡಬೇಕು. ಆ ಗುಂಪಿನಲ್ಲಿ ಬೇರೆ ಕಾರಣಕ್ಕೆ ನಿಜವಾಗಿ ಹುಷಾರಿಲ್ಲದ ಒಂದು ಮಗು ಇರಬಹುದು.

ಮತ್ತೆ ಹುಡುಗಿಯ ಮನೆಗೆ ಬರೋಣ. ಅವಳ ಅಣ್ಣ ಹತ್ತನೇ ಕ್ಲಾಸು. ಅವನೂ ಅದೇ ಮಾತ್ರೆ ತಿಂದಿದ್ದ. ಅವನಿಗೆ ನೋವೂ ಇಲ್ಲ, ಹುಳುವೂ ಬೀಳಲಿಲ್ಲ. ಅಪ್ಪನಿಗೆ ಎರಡು ಅನುಮಾನ. ಇವನಿಗೆ ಮಾತ್ರೆ ಕೆಲಸ ಮಾಡಲಿಲ್ಲವೇ? ಎಂಟು ವರ್ಷದವಳಿಗೂ ಹದಿನೈದು ವರ್ಷದವನಿಗೂ ಒಂದೇ ಮಾತ್ರೆ ಕೊಡುವುದು ಸರಿಯೇ?

ಮೊದಲನೆಯದಕ್ಕೆ ಉತ್ತರ ಸುಲಭ. ಅವನ ಹೊಟ್ಟೆಯಲ್ಲಿ ಹುಳು ಇಲ್ಲದೇ ಇರಬಹುದು. ಇದ್ದರೂ ಕಣ್ಣಿಗೆ ಬೀಳಬೇಕೆಂದೇನಿಲ್ಲ. ಕಾಣಿಸುವುದು ಹೆಚ್ಚಾಗಿ ದುಂಡುಹುಳು ಮಾತ್ರ, ಅದು 20ರಿಂದ 35 ಸೆಂಟಿಮೀಟರ್ ಬೆಳೆಯುತ್ತದೆ. ರಕ್ತ ಹೀರುವ ಕೊಕ್ಕೆಹುಳುವಿನ ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು. ಸತ್ತ ಹುಳು ಅರ್ಧ ಕರಗಿಯೂ ಹೋಗಿರಬಹುದು. ಹುಳು ಬೀಳಲಿಲ್ಲ ಅಂತ ಮನೆಯಲ್ಲಿ ಇನ್ನೊಂದು ಮಾತ್ರೆ ಕೊಡುವುದು, ಭೇದಿ ಆಗಲಿ ಅಂತ ಔಷಧಿ ಕೊಡುವುದು, ಎರಡೂ ಬೇಡ.

ಎರಡನೇ ಪ್ರಶ್ನೆ ಒಳ್ಳೆಯ ಪ್ರಶ್ನೆ. ಬೇರೆ ಔಷಧಿಗಳನ್ನು ಮಗುವಿನ ತೂಕ ನೋಡಿ ಕೊಡುತ್ತೇವೆ. ಇದನ್ನು ಹಾಗೆ ಕೊಡುವುದಿಲ್ಲ. ಎರಡು ವರ್ಷ ದಾಟಿದ ಎಲ್ಲರಿಗೂ 400 ಮಿಲಿಗ್ರಾಂನ ಒಂದು ಮಾತ್ರೆ. ಒಂದರಿಂದ ಎರಡು ವರ್ಷದೊಳಗಿನವರಿಗೆ ಅರ್ಧ, ಅಂದರೆ 200 ಮಿಲಿಗ್ರಾಂ. ಔಷಧಿ ಕೆಲಸ ಮಾಡಬೇಕಾದದ್ದು ಕರುಳಿನೊಳಗೆ, ರಕ್ತದಲ್ಲಿ ಅಲ್ಲ. ತಿಂದದ್ದರಲ್ಲಿ ತೀರಾ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮೆದುಳಿನಲ್ಲಿ ಲಾಡಿಹುಳುವಿನ ಗಂಟು ಇರುವ ಮಕ್ಕಳಿಗೆ ಇದೇ ಔಷಧಿಯನ್ನು ದಿನಾ, ವಾರಗಟ್ಟಲೆ ಕೊಡುತ್ತೇವೆ. ಆಗ ಲಿವರ್ ಮತ್ತು ರಕ್ತದ ಪರೀಕ್ಷೆ ಮಾಡಿಸುತ್ತಾ ಹೋಗಬೇಕಾಗುತ್ತದೆ. ಆರು ತಿಂಗಳಿಗೆ ಒಂದು ಮಾತ್ರೆಗೆ ಅಂಥದ್ದೇನೂ ಬೇಕಿಲ್ಲ. ಹೋದ ತಿಂಗಳು ಮನೆಯಲ್ಲೇ ಕೊಟ್ಟಿದ್ದೆವು, ಈಗ ಶಾಲೆಯಲ್ಲೂ ತಿಂದುಬಿಟ್ಟಿದ್ದಾನೆ ಅಂತ ಗಾಬರಿಯಾಗುವವರಿಗೂ ಇದೇ ಉತ್ತರ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ನಾನು ನಿಜಕ್ಕೂ ಹೆದರುವುದು ಮಾತ್ರೆ ಗಂಟಲಿಗೆ ಸಿಕ್ಕಿಕೊಳ್ಳುವುದಕ್ಕೆ. ಅಳುತ್ತಿರುವ ಪುಟ್ಟ ಮಗುವಿನ ಮೂಗು ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಮಾತ್ರೆ ತುರುಕಿದರೆ ಅದು ಉಸಿರಿನ ದಾರಿಗೆ ಹೋಗಬಹುದು. ಇದರಿಂದ ಮಕ್ಕಳು ಸತ್ತಿರುವುದೂ ಉಂಟು. ಮೂರು ವರ್ಷದೊಳಗಿನವರಿಗೆ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ನೀರಲ್ಲಿ ಕಲಸಿ ಕುಡಿಸಬೇಕು. ಮಗು ಅಳುತ್ತಿದ್ದರೆ ಸಮಾಧಾನ ಆಗುವವರೆಗೆ ಕಾಯಬೇಕು. ಆಗಲೂ ಬೇಡ ಅಂದರೆ ಅವತ್ತಿಗೆ ಬಿಡಬೇಕು. ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ನುಂಗಬೇಕು, ಇಡೀ ಮಾತ್ರೆಯನ್ನು ಗಟಕ್ಕನೆ ನುಂಗುವುದು ಬೇಡ.

ಜ್ವರ ಇರುವ, ಹುಷಾರಿಲ್ಲದ ಮಗುವಿಗೆ ಅವತ್ತು ಕೊಡಬಾರದು. ಗುಣವಾದ ಮೇಲೆ ಕೊಟ್ಟರಾಯಿತು. ಹಿಂದೆ ಫಿಟ್ಸ್ ಬಂದಿರುವ ಮಗುವಿನ ವಿಷಯವನ್ನು ಮೊದಲೇ ಟೀಚರಿಗೆ ಹೇಳಿ, ಡಾಕ್ಟರನ್ನು ಕೇಳಿಯೇ ಕೊಡಿಸಿ. ಮೆದುಳಿನಲ್ಲಿ ಆ ಲಾಡಿಹುಳುವಿನ ಗಂಟು ಗೊತ್ತಾಗದೇ ಇದ್ದರೆ ಔಷಧಿಯಿಂದ ಅದರ ಸುತ್ತ ಊತ ಬಂದು ಫಿಟ್ಸ್ ಕಾಣಿಸಿಕೊಳ್ಳಬಹುದು. ಒಂದೇ ಮಾತ್ರೆಗೆ ಹೀಗಾಗುವುದು ಅಪರೂಪ. ಆದರೂ ಕೇಳಿಕೊಂಡು ಕೊಡುವುದರಲ್ಲಿ ನಷ್ಟವಿಲ್ಲ. ಮಾತ್ರೆ ತಿಂದ ಮೇಲೆ ಹೊಟ್ಟೆ ಉಬ್ಬಿ ಹಸಿರು ವಾಂತಿ ಆಗುತ್ತಿದ್ದರೆ, ಮಲ ಮತ್ತು ಗಾಳಿ ಹೋಗುವುದು ನಿಂತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಹುಳುಗಳು ಉಂಡೆಗಟ್ಟಿ ಕರುಳನ್ನು ಮುಚ್ಚಿರಬಹುದು. ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದರೂ ಅಷ್ಟೇ, ಸೀದಾ ಆಸ್ಪತ್ರೆಗೆ.

ಮೂರನೇ ದಿನ ಹುಳು ನೋಡಿದ ಅಮ್ಮ ಕೇಳಿದ್ದು ಹೀಗೆ: "ಹೋಯ್ತಲ್ಲ, ಇನ್ನು ಮುಂದಿನ ಸಲ ಯಾಕೆ?"

ಈ ಹುಳುಗಳು ಹೊಟ್ಟೆಯೊಳಗೆ ಮರಿ ಹಾಕಿ ಜಾಸ್ತಿಯಾಗುವುದಿಲ್ಲ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷದವರೆಗೂ ಮೊಟ್ಟೆ ಇಡುತ್ತದೆ ನಿಜ, ಆದರೆ ಅವು ಮಲದ ಜೊತೆ ಹೊರಗೆ ಬೀಳಬೇಕು. ಮಣ್ಣಿನಲ್ಲಿ ಎರಡು ಮೂರು ವಾರ ಬಲಿಯಬೇಕು. ಆಮೇಲೆ ಕೈ, ನೀರು, ತೊಳೆಯದ ತರಕಾರಿಯ ಮೂಲಕ ಮತ್ತೆ ಬಾಯಿಗೆ ಬರಬೇಕು. ಅಂದರೆ ಹೊಟ್ಟೆಯಲ್ಲಿ ಹತ್ತು ಹುಳು ಇದ್ದರೆ ಹತ್ತು ಮೊಟ್ಟೆ ಹೊರಗಿನಿಂದ ಬಂದಿವೆ ಅಂತ ಅರ್ಥ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಬರುತ್ತದೆ. ಮಾತ್ರೆ ಅವತ್ತು ಕರುಳಿನಲ್ಲಿ ಇರುವ ಹುಳುಗಳನ್ನು ತೆಗೆಯುತ್ತದೆ, ಅಷ್ಟೇ. ಅದು ಲಸಿಕೆ ಅಲ್ಲ. ಮಾರನೇ ದಿನವೇ ಹೊಸ ಮೊಟ್ಟೆ ಬಾಯಿಗೆ ಹೋಗಬಹುದು. ಮೊಟ್ಟೆ ಒಳಗೆ ಹೋದ ಮೇಲೆ ಮರಿ ಶ್ವಾಸಕೋಶದವರೆಗೂ ಸುತ್ತಿ, ಕರುಳಿಗೆ ಬಂದು ದೊಡ್ಡದಾಗಲು ಎರಡು ಮೂರು ತಿಂಗಳು. ಆದ್ದರಿಂದ ಆರು ತಿಂಗಳಿಗೊಮ್ಮೆ ಮಾತ್ರೆ ಕೊಟ್ಟರೆ ಹುಳುಗಳ ರಾಶಿ ಬೆಳೆಯಲು ಅವಕಾಶ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಇದರ ಮೇಲೇ ನಿಂತಿದೆ. ನೂರಕ್ಕೆ 20 ಮಕ್ಕಳಿಗಾದರೂ ಈ ಹುಳುಗಳಿರುವ ಕಡೆ ವರ್ಷಕ್ಕೊಮ್ಮೆ, 50 ದಾಟಿದ ಕಡೆ ವರ್ಷಕ್ಕೆರಡು ಸಲ. ಭಾರತದಲ್ಲಿ ಇದು 2015ರಲ್ಲಿ ಶುರುವಾಯಿತು, ಫೆಬ್ರುವರಿ 10 ಮತ್ತು ಆಗಸ್ಟ್ 10ನ್ನು ಇದಕ್ಕೆ ಇಟ್ಟುಕೊಂಡಿದ್ದಾರೆ. ಅವತ್ತು ತಪ್ಪಿಸಿಕೊಂಡವರಿಗೆ ಕೆಲವೇ ದಿನಗಳಲ್ಲಿ ಇನ್ನೊಂದು ದಿನ ಇರುತ್ತದೆ. ಮಲ ಪರೀಕ್ಷೆ ಮಾಡದೆ ಎಲ್ಲರಿಗೂ ಸುಮ್ನೆ ಯಾಕೆ ಕೊಡುತ್ತಾರೆ ಅಂದರೆ, ಪರೀಕ್ಷೆಯ ಖರ್ಚು ಮಾತ್ರೆಗಿಂತ ಎಷ್ಟೋ ಪಟ್ಟು ಹೆಚ್ಚು. ಹುಳು ಕಡಿಮೆ ಇದ್ದಾಗ ಪರೀಕ್ಷೆಯಲ್ಲಿ ತಪ್ಪಿಹೋಗುವುದೂ ಇದೆ.

ಮಾತ್ರೆಗೂ ಮಿತಿ ಇದೆ. ದುಂಡುಹುಳುವಿಗೆ ಒಂದೇ ಮಾತ್ರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಕೊಕ್ಕೆಹುಳುವಿಗೂ ಪರವಾಗಿಲ್ಲ. ಕರುಳಿನಲ್ಲೇ ಇರುವ ಇನ್ನೊಂದು ಬಗೆಯ ಹುಳು, ಚಾಟಿಹುಳು ಮಾತ್ರ ಹೆಚ್ಚಿನ ಮಕ್ಕಳಲ್ಲಿ ಒಂದು ಮಾತ್ರೆಗೆ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಮಾತ್ರೆ ತಿಂದರೆ ಮಗು ದಪ್ಪ ಆಗುತ್ತದೆ, ಓದಿನಲ್ಲಿ ಮುಂದೆ ಬರುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹುಳು ತುಂಬಾ ಇದ್ದ ಮಗುವಿಗೆ ವ್ಯತ್ಯಾಸ ಕಾಣುತ್ತದೆ, ಇಲ್ಲದ ಮಗುವಿಗೆ ಏನು ಕಂಡೀತು? ನಿದ್ದೆಯಲ್ಲಿ ಹಲ್ಲು ಕಡಿಯುವುದು, ಕೆನ್ನೆಯ ಮೇಲಿನ ಬಿಳಿ ಮಚ್ಚೆ, ಸಿಹಿ ಜಾಸ್ತಿ ತಿನ್ನುವುದು, ಇವೆಲ್ಲಾ ಹುಳುವಿನ ಲೆಕ್ಕಕ್ಕೆ ಬರುವುದಿಲ್ಲ. ಸಿಹಿಯಲ್ಲಿ ಹುಳುವಿನ ಮೊಟ್ಟೆ ಇರುವುದಿಲ್ಲ, ಅದನ್ನು ಹಿಡಿದ ಕೈಯಲ್ಲಿ ಇರಬಹುದು.

ಒಂದು ದೂರು ಮಾತ್ರ ನಿಜಕ್ಕೂ ಬೇರೆ. "ಶಾಲೆಯಲ್ಲಿ ಮಾತ್ರೆ ತಿಂದು ಎರಡು ವಾರ ಆಯಿತು, ಮತ್ತೆ ರಾತ್ರಿ ಹಿಂದೆ ತುರಿಸ್ಕೋತಾನೆ" ಅನ್ನುವುದು. ಇದು ಪಿನ್‌ವರ್ಮ್, ದಾರದ ತುಂಡಿನಂಥ ಬಿಳಿ ಹುಳು. ಇದರ ಮೊಟ್ಟೆಗೆ ಮಣ್ಣು ಬೇಡ. ರಾತ್ರಿ ಗುದದ ಸುತ್ತ ಇಟ್ಟ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಬಲಿತು, ಉಗುರು, ಹಾಸಿಗೆ, ಚಡ್ಡಿಯ ಮೂಲಕ ಅದೇ ಮಗುವಿಗೂ ಮನೆಯ ಉಳಿದವರಿಗೂ ಹೋಗುತ್ತದೆ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ ಇಲ್ಲಿ ಆರು ತಿಂಗಳು ಕಾಯುವಂತಿಲ್ಲ. ಡಾಕ್ಟರಿಗೆ ತೋರಿಸಿ, ಮನೆಯವರೆಲ್ಲ ಒಂದೇ ದಿನ ಮಾತ್ರೆ ತಗೊಂಡು, ಎರಡು ವಾರ ಬಿಟ್ಟು ಇನ್ನೊಂದು ಸಲ ತಗೋಬೇಕು. ಚಿಕ್ಕ ಮಕ್ಕಳಿಗೆ ಎಷ್ಟು ಅಂತ ಅವರೇ ಹೇಳುತ್ತಾರೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಅವರು ತಾವಾಗಿ ತಗೊಳ್ಳಬಾರದು. ಮಾತ್ರೆ ತಗೊಂಡ ಮಾರನೇ ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಹಾಸಿಗೆ ಬಟ್ಟೆಯನ್ನು ಕೊಡವದೆ ಹಾಗೇ ಬಿಸಿ ನೀರಿಗೆ ಹಾಕಿ.